ಲೋಡ್ ಸೆಲ್ ಸರಿ ಅಂದಿತು, ಕ್ಯೂಬ್ ಮಾತ್ರ ಬೇಗ ಒಡೆಯುತ್ತಿದೆ: ಸಿಟಿಎಂ ಪರಿಶೀಲನೆ ಹೇಗೆ?

ಪ್ರಶ್ನೆ: ಸರ್, ನಮ್ಮ ಸೈಟ್ ಲ್ಯಾಬ್‌ನಲ್ಲಿ 2000 ಕಿಲೋನ್ಯೂಟನ್ ಸಿಟಿಎಂ, ಅಂದರೆ ಕಾಂಕ್ರೀಟ್ ಕ್ಯೂಬ್ ಒತ್ತಿ ಒಡೆಯುವ ಮೆಷಿನ್ ಇದೆ. ಒಂದೇ ಬ್ಯಾಚ್‌ನ ಎಂ30 ಕ್ಯೂಬ್‌ಗಳು 28 ದಿನಕ್ಕೆ ನಮ್ಮಲ್ಲಿ ಸರಾಸರಿ 33 ನ್ಯೂಟನ್ ಪ್ರತಿ ಚದರ ಮಿ.ಮೀ. ಬರುತ್ತವೆ, ಹೊರಗಿನ ಲ್ಯಾಬ್‌ನಲ್ಲಿ 36 ಬರುತ್ತವೆ. ನಮ್ಮ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಆರು ತಿಂಗಳ ಹಿಂದಿನದು, ಅದರಲ್ಲಿ ಎಲ್ಲ ±1% ಒಳಗೇ ಇದೆ. ಲೋಡ್ ಅಳೆಯುವ ಪ್ರೂವಿಂಗ್ ರಿಂಗ್ ಅಥವಾ ಲೋಡ್ ಸೆಲ್ ತರಿಸಿ ನಾವೇ ಮೆಷಿನ್ ಚೆಕ್ ಮಾಡಬಹುದಾ? ಹೇಗೆ ಮಾಡಬೇಕು?
— ಕ್ವಾಲಿಟಿ ಇಂಜಿನಿಯರ್, ಚಿತ್ರದುರ್ಗ

ಉತ್ತರ: ಮಾಡಬಹುದು, ಮಾಡಿ. ಆದರೆ ರಿಂಗ್ ತರಿಸುವ ಮೊದಲು ಒಂದು ಲೆಕ್ಕ ಹಾಕಿಕೊಳ್ಳಿ. 150 ಮಿ.ಮೀ. ಕ್ಯೂಬ್‌ನ ಮುಖ 22,500 ಚದರ ಮಿ.ಮೀ. ಅಂದರೆ 33 ಅಂದಾಗ ನಿಮ್ಮ ಮೆಷಿನ್ ತೋರಿಸಿದ್ದು ಸುಮಾರು 742 ಕಿಲೋನ್ಯೂಟನ್. ಹೊರಗಿನ ಲ್ಯಾಬ್‌ನ 36 ಅಂದರೆ 810. ನೀವು ಹುಡುಕಬೇಕಾದ್ದು ಸುಮಾರು 68 ಕಿಲೋನ್ಯೂಟನ್, ಶೇಕಡಾ 8ರ ಆಸುಪಾಸು. ಇಷ್ಟು ದೊಡ್ಡ ತಪ್ಪು ಮೆಷಿನ್‌ನ ಲೋಡ್ ತೋರಿಸುವ ಭಾಗದಲ್ಲಿ ಇದ್ದರೆ ಯಾವ ಲೋಡ್ ಸೆಲ್ಲೂ ಅರ್ಧ ಗಂಟೆಯಲ್ಲಿ ಹಿಡಿದುಕೊಡುತ್ತದೆ.

ಕಷ್ಟ ಬರುವುದು ಲೋಡ್ ಸೆಲ್ 'ಮೆಷಿನ್ ಸರಿಯಾಗಿದೆ' ಅಂದಾಗ. ಯಾಕೆಂದರೆ ನಿಮ್ಮಲ್ಲಿ ಎರಡು ಬೇರೆ ಬೇರೆ ಅನುಮಾನಗಳಿವೆ. ಒಂದು, ಕ್ಯೂಬ್ 810ಕ್ಕೇ ಒಡೆದಿದೆ, ಮೆಷಿನ್ 742 ಅಂತ ಸುಳ್ಳು ಹೇಳುತ್ತಿದೆ. ಇನ್ನೊಂದು, ಮೆಷಿನ್ ನಿಜವನ್ನೇ ಹೇಳುತ್ತಿದೆ, ಕ್ಯೂಬೇ 742ಕ್ಕೆ ಒಡೆಯುವ ಹಾಗೆ ಅದನ್ನು ಓರೆಯಾಗಿ ಹಿಸುಕುತ್ತಿದೆ. ರಿಂಗ್ ಮತ್ತು ಲೋಡ್ ಸೆಲ್ ಹಿಡಿಯುವುದು ಮೊದಲನೆಯದನ್ನು ಮಾತ್ರ.

ಮೊದಲು ಸರ್ಟಿಫಿಕೇಟನ್ನೇ ಸರಿಯಾಗಿ ಓದಿ. ಮೆಷಿನ್ ಕ್ಯಾಲಿಬ್ರೇಶನ್‌ನ ಭಾರತೀಯ ಮಾನದಂಡ ಐಎಸ್ 1828ರ ಪ್ರಕಾರ ಸಾಮಾನ್ಯವಾಗಿ ಮೆಷಿನ್ ರೇಂಜ್‌ನ ಶೇಕಡಾ 20ರಿಂದ 100ರವರೆಗೆ ಕನಿಷ್ಠ ಐದು ಲೋಡ್‌ಗಳಲ್ಲಿ ಪರಿಶೀಲಿಸುತ್ತಾರೆ. ನಿಮ್ಮದರಲ್ಲಿ 400, 800, 1200, 1600, 2000 ಅಂತ ಇರಬಹುದು. ನಿಮ್ಮ ಎಂ30 ಕ್ಯೂಬ್‌ಗಳು ಒಡೆಯುವುದು 700ರಿಂದ 850ರ ನಡುವೆ. ಅಂದರೆ ಆ ಐದರಲ್ಲಿ ನಿಮಗೆ ಕೆಲಸಕ್ಕೆ ಬರುವುದು ಒಂದೇ ಸಾಲು. ಇನ್ನು ಎಂ20ರ 7 ದಿನದ ಕ್ಯೂಬ್ 14ಕ್ಕೆ ಒಡೆದರೆ ಅದು 315 ಕಿಲೋನ್ಯೂಟನ್. ಅದು 400ಕ್ಕಿಂತ ಕೆಳಗೆ, ಸರ್ಟಿಫಿಕೇಟ್ ಆ ಲೋಡ್ ಬಗ್ಗೆ ಏನೂ ಹೇಳಿಲ್ಲ. ಎಷ್ಟೋ ಲ್ಯಾಬ್‌ನವರು ಇದನ್ನು ಗಮನಿಸಿಯೇ ಇರುವುದಿಲ್ಲ.

ಇನ್ನೊಂದು ಕೇಳಬೇಕು. ಸರ್ಟಿಫಿಕೇಟ್ ಆದಮೇಲೆ ಮೆಷಿನ್ ಜಾಗ ಬದಲಾಯಿಸಿದ್ದೀರಾ? ಲಾರಿಗೆ ಹಾಕಿ ಒಂದು ಸೈಟ್‌ನಿಂದ ಇನ್ನೊಂದಕ್ಕೆ ತಂದಿದ್ದರೆ, ಬಿಚ್ಚಿ ಜೋಡಿಸಿದ್ದರೆ, ಸೀಲ್ ಬದಲಾಯಿಸಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ವರ್ಷ ತುಂಬಿರದಿದ್ದರೂ ಹೊಸದಾಗಿ ಮಾಡಿಸಬೇಕು. ಅದನ್ನು ಮಾನ್ಯತೆ ಇರುವ ಕ್ಯಾಲಿಬ್ರೇಶನ್ ಲ್ಯಾಬ್‌ನವರೇ ಮಾಡಬೇಕು, ನಿಮ್ಮ ಚೆಕ್ ಅದರ ಬದಲಿಗೆ ಬರುವುದಿಲ್ಲ. ನೀವು ಮಾಡುವುದು ನಡುವಿನ ತಪಾಸಣೆ, ಅಷ್ಟೆ.

ಈಗ ರಿಂಗಾ, ಲೋಡ್ ಸೆಲ್ಲಾ? ಸಿಕ್ಕರೆ 1000 ಕಿಲೋನ್ಯೂಟನ್ ಲೋಡ್ ಸೆಲ್ ತರಿಸಿ. ಅಷ್ಟೇ ಸಾಮರ್ಥ್ಯದ ಪ್ರೂವಿಂಗ್ ರಿಂಗ್ ಭಾರ, ಎತ್ತರವೂ ಜಾಸ್ತಿ. ಯಾವುದೇ ಆಗಲಿ, ಅದಕ್ಕೆ ತನ್ನದೇ ಸರ್ಟಿಫಿಕೇಟ್ ಇರಬೇಕು. ನಿಖರತೆಯಲ್ಲಿ ಕ್ಲಾಸ್ 1 ಅಥವಾ ಅದಕ್ಕಿಂತ ಮೇಲಿರಬೇಕು, ಕ್ಯಾಲಿಬ್ರೇಶನ್ ಆಗಿ 26 ತಿಂಗಳು ದಾಟಿರಬಾರದು. ಅದು ಕಂಪ್ರೆಶನ್‌ನಲ್ಲಿ ಕ್ಯಾಲಿಬ್ರೇಟ್ ಆಗಿದೆಯಾ, ಎಷ್ಟು ಲೋಡ್‌ನಿಂದ ಮೇಲೆ ಅದರ ಮಾತು ನಂಬಬಹುದು ಅಂತಲೂ ನೋಡಿಕೊಳ್ಳಿ. ನಿಮ್ಮ ಮೆಷಿನ್ 2000ದ್ದು, ಸೆಲ್ 1000ದ್ದು. ಯಾರೋ ಮಾತಾಡುತ್ತ ವಾಲ್ವ್ ತೆರೆದಿಟ್ಟರೆ ಸೆಲ್ ಹಾಳಾಗುತ್ತದೆ. 900ಕ್ಕೆ ನಿಲ್ಲಿಸಿ. ನಿಮ್ಮ ಕ್ಯೂಬ್‌ಗಳಿಗೆ ಅಷ್ಟು ಸಾಕು.

ರಿಂಗ್ ತಂದರೆ ಎರಡು ವಿಷಯ ಜ್ಞಾಪಕ ಇಟ್ಟುಕೊಳ್ಳಿ. ರಿಂಗನ್ನು ಒತ್ತಿದಷ್ಟೂ ಅದು ಸ್ವಲ್ಪ ಸ್ವಲ್ಪ ಮೆತ್ತಗಾಗುತ್ತ ಹೋಗುತ್ತದೆ. ಆದ್ದರಿಂದ 'ಒಂದು ಡಿವಿಷನ್‌ಗೆ ಇಷ್ಟು ಕಿಲೋನ್ಯೂಟನ್' ಅಂತ ಒಂದೇ ಸ್ಥಿರಾಂಕ ಹಿಡಿದು ಕೆಳಗಿನಿಂದ ಮೇಲಿನವರೆಗೂ ಗುಣಿಸಿದರೆ, ಕೆಳಗೆ ಸರಿ ಬಂದದ್ದು ಮೇಲೆ ಹೋದಾಗ ಶೇಕಡಾ 1ರಷ್ಟು ತಪ್ಪಬಹುದು. ನೀವು ಹಿಡಿಯಲು ಹೊರಟ ತಪ್ಪಿನ ಮಿತಿಯೇ ಅಷ್ಟು. ಸರ್ಟಿಫಿಕೇಟ್‌ನ ಟೇಬಲ್‌ನಲ್ಲಿ ಹತ್ತಿರದ ಎರಡು ಲೋಡ್‌ಗಳನ್ನು ತೆಗೆದುಕೊಂಡು ಅವುಗಳ ನಡುವೆ ಲೆಕ್ಕ ಹಾಕಿ.

ಎರಡನೆಯದು ಬಿಸಿಲು. ಸೈಟ್ ಲ್ಯಾಬ್ ಅಂದರೆ ಸಾಮಾನ್ಯವಾಗಿ ತಗಡಿನ ಶೆಡ್ಡು ಅಲ್ವಾ? ರಿಂಗ್ ಕ್ಯಾಲಿಬ್ರೇಟ್ ಆಗಿರುವುದು 23 ಡಿಗ್ರಿಯಲ್ಲಿ ಅಂದುಕೊಳ್ಳಿ, ನಿಮ್ಮ ಶೆಡ್‌ನಲ್ಲಿ 35. ಉಕ್ಕಿನ ರಿಂಗ್ ಒಂದು ಡಿಗ್ರಿ ಬಿಸಿಯಾದರೆ ಅದೇ ಲೋಡ್‌ಗೆ ಶೇಕಡಾ 0.027ರಷ್ಟು ಜಾಸ್ತಿ ಬಾಗುತ್ತದೆ. 12 ಡಿಗ್ರಿಗೆ ಅದು ಶೇಕಡಾ 0.32. ತಿದ್ದದೆ ಬಿಟ್ಟರೆ ನಿಜವಾದ ಲೋಡ್ ಇರುವುದಕ್ಕಿಂತ ಜಾಸ್ತಿ ಅಂತ ಲೆಕ್ಕ ಬರುತ್ತದೆ. ಆಗ ಮೆಷಿನ್ ಕಡಿಮೆ ತೋರಿಸುತ್ತಿದೆ ಅಂತ ಸುಮ್ನೆ ಅದರ ಮೇಲೆ ತಪ್ಪು ಹೊರಿಸಿದಂತಾಗುತ್ತದೆ. ಡಯಲ್‌ನ ಓದಿನಿಂದ ಸೊನ್ನೆಯ ಓದನ್ನು ಕಳೆದು, ಬಂದದ್ದನ್ನು ಈ ಉದಾಹರಣೆಯಲ್ಲಿ 1.00324ರಿಂದ ಭಾಗಿಸಿ, ಆಮೇಲೆ ಟೇಬಲ್ ನೋಡಿ. ರಿಂಗನ್ನು ಹಿಂದಿನ ರಾತ್ರಿಯೇ ಲ್ಯಾಬ್‌ನಲ್ಲಿ ಇಟ್ಟರೆ ಒಳ್ಳೆಯದು. ಜೀಪಿನಿಂದ ಇಳಿಸಿ ನೇರ ಮೆಷಿನ್‌ಗೆ ಇಡಬೇಡಿ.

ಈಗ ಕೆಲಸ. ಮೇಲಿನ ಮತ್ತು ಕೆಳಗಿನ ಪ್ಲೇಟುಗಳನ್ನು ಒರೆಸಿ. ಅಂಟಿಕೊಂಡ ಕಾಂಕ್ರೀಟ್ ಚೂರು ಒಂದೂ ಇರಬಾರದು. ಸೆಲ್‌ನ ಇಂಡಿಕೇಟರ್ ಆನ್ ಮಾಡಿ ಅರ್ಧ ಗಂಟೆ ಬಿಡಿ. ಸೆಲ್ಲನ್ನು ಕೆಳಗಿನ ಪ್ಲೇಟಿನ ಸರಿ ನಡುವೆ ಇಡಿ. ಅಂದಾಜಿನಲ್ಲಿ ಅಲ್ಲ, ಪ್ಲೇಟಿನ ಮೇಲಿನ ಗುರುತು ನೋಡಿ, ಸ್ಕೇಲ್ ಹಿಡಿದು.

ಇಲ್ಲಿ ಎತ್ತರದ ಬಗ್ಗೆ ಒಂದು ಮಾತು. ನಿಮ್ಮ ಮೆಷಿನ್ ಲೋಡನ್ನು ನೇರವಾಗಿ ಅಳೆಯುವುದಿಲ್ಲ. ಎಣ್ಣೆಯ ಒತ್ತಡ ಅಳೆದು, ಅದನ್ನು ಕೆಳಗಿನಿಂದ ಒತ್ತುವ ರ‍್ಯಾಮ್‌ನ ವಿಸ್ತೀರ್ಣದಿಂದ ಗುಣಿಸಿ ಲೋಡ್ ಅಂತ ತೋರಿಸುತ್ತದೆ. ಮುಳ್ಳಿನ ಗೇಜ್ ಇದ್ದರೂ ಅಷ್ಟೇ, ಹೆಚ್ಚಿನ ಡಿಜಿಟಲ್ ಸಿಟಿಎಂಗಳಲ್ಲೂ ಅಷ್ಟೇ. ರ‍್ಯಾಮ್ ಮತ್ತು ಸಿಲಿಂಡರ್ ನಡುವೆ ಉಜ್ಜಾಟ ಇದ್ದರೆ ಎಣ್ಣೆಯ ಒತ್ತಡದ ಒಂದು ಪಾಲು ಅಲ್ಲೇ ಖರ್ಚಾಗುತ್ತದೆ, ಕ್ಯೂಬ್‌ಗೆ ತಲುಪುವುದಿಲ್ಲ. ಮೆಷಿನ್ ಮಾತ್ರ ಪೂರ್ತಿ ಲೆಕ್ಕ ತೋರಿಸುತ್ತದೆ. ಈ ಉಜ್ಜಾಟ ರ‍್ಯಾಮ್ ಎಷ್ಟು ಮೇಲೆ ಬಂದಿದೆ ಅನ್ನುವುದರ ಮೇಲೆ ಬದಲಾಗಬಹುದು. ಆದ್ದರಿಂದ ಸ್ಪೇಸರ್‌ಗಳನ್ನು ಹೊಂದಿಸಿ, ಕ್ಯೂಬ್ ಒಡೆಯುವಾಗ ರ‍್ಯಾಮ್ ಎಲ್ಲಿರುತ್ತದೋ ಹೆಚ್ಚುಕಡಿಮೆ ಅಲ್ಲೇ ಇರುವಂತೆ ಸೆಲ್ ಕೂರಿಸಿ. ರ‍್ಯಾಮನ್ನು ಸ್ವಲ್ಪ ಎತ್ತಿ, ಅದು ಎಣ್ಣೆಯ ಮೇಲೆ ನಿಂತಾಗ ಮೆಷಿನ್ನಿನ ಸೊನ್ನೆ ಹೊಂದಿಸಿ. ಕೆಳಗೆ ಕೂತಾಗ ಸೊನ್ನೆ ಮಾಡಿದರೆ ರ‍್ಯಾಮ್‌ನ ತೂಕವೂ ಲೋಡ್‌ನಲ್ಲಿ ಸೇರಿಕೊಳ್ಳುತ್ತದೆ.

ಮೊದಲು ಮೂರು ಸಲ 900ರವರೆಗೆ ಹೋಗಿ ಸೊನ್ನೆಗೆ ಬನ್ನಿ. ಇದರ ಓದು ಬರೆಯಬೇಡಿ. ಸೆಲ್ಲೂ ಸ್ಪೇಸರ್‌ಗಳೂ ಸರಿಯಾಗಿ ಕೂರಲಿ ಅಂತ ಇದು. ಆಮೇಲೆ ಅಸಲಿ ಸುತ್ತುಗಳು, ಮೂರು. ಪ್ರತಿ ಸುತ್ತಿಗೆ ಮುಂಚೆ ಸೆಲ್ಲನ್ನು 120 ಡಿಗ್ರಿ ತಿರುಗಿಸಿ. ಪ್ರತಿ ಸುತ್ತಿನಲ್ಲೂ ಲೋಡ್ ಏರುತ್ತಲೇ ಇರಬೇಕು. 800 ದಾಟಿಹೋಯಿತು ಅಂತ ವಾಲ್ವ್ ಸಡಿಲಿಸಿ ಹಿಂದೆ ಬಂದು ಓದಿದರೆ ಉಜ್ಜಾಟದ ದಿಕ್ಕು ತಿರುಗುತ್ತದೆ, ಓದು ಕೆಡುತ್ತದೆ. ದಾಟಿದರೆ ಆ ಸುತ್ತು ಬಿಟ್ಟು ಮತ್ತೆ ಸೊನ್ನೆಯಿಂದ ಶುರು ಮಾಡಿ. ಬಿಂದು ಹತ್ತಿರ ಬಂದಾಗ ಪಂಪ್ ತುಂಬಾ ನಿಧಾನ ಮಾಡಿ. ಒಬ್ಬರು ಮೆಷಿನ್ ನೋಡುತ್ತ 'ಈಗ' ಅನ್ನಬೇಕು, ಇನ್ನೊಬ್ಬರು ಸೆಲ್ ಓದಬೇಕು. ಒಬ್ಬರೇ ಎರಡೂ ಮಾಡಿದರೆ ಕಣ್ಣು ಆಚೆ ಹೊರಳುವಷ್ಟರಲ್ಲಿ ಎರಡು ಕಿಲೋನ್ಯೂಟನ್ ಏರಿರುತ್ತದೆ. ರಿಂಗ್ ಆದರೆ ಓದುವ ಮುನ್ನ ಡಯಲ್ ಗೇಜನ್ನು ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ, ಮುಳ್ಳು ಸಿಕ್ಕಿಕೊಂಡಿದ್ದರೆ ಬಿಡುತ್ತದೆ.

ಲೆಕ್ಕ ಇಷ್ಟೇ. q ಅಂದರೆ ಮೆಷಿನ್‌ನ ತಪ್ಪು ಶೇಕಡಾದಲ್ಲಿ, Fi ಅಂದರೆ ಮೆಷಿನ್ ತೋರಿಸಿದ್ದು, F ಅಂದರೆ ಸೆಲ್ ಹೇಳಿದ ನಿಜವಾದ ಲೋಡ್:

```
q = (Fi − F) / F × 100
```

q ಮೈನಸ್ ಬಂದರೆ ಮೆಷಿನ್ ಇರುವುದಕ್ಕಿಂತ ಕಡಿಮೆ ತೋರಿಸುತ್ತಿದೆ, ಅಂದರೆ ಕ್ಯೂಬ್‌ಗೆ ಅನ್ಯಾಯ. ಪ್ಲಸ್ ಬಂದರೆ ಕ್ಯೂಬ್ ಇರುವುದಕ್ಕಿಂತ ಗಟ್ಟಿ ಅಂತ ಸುಳ್ಳು ಹೇಳುತ್ತಿದೆ. ಎರಡನೆಯದನ್ನು ಯಾರೂ ದೂರುವುದಿಲ್ಲ, ಅದಕ್ಕೇ ಅದು ಜಾಸ್ತಿ ಅಪಾಯ.

ಕೆಲವು ವರ್ಷದ ಹಿಂದೆ ನಾನು ಹೋಗಿದ್ದ ಒಂದು ಲ್ಯಾಬ್‌ನ ಕಥೆ ಹೆಚ್ಚುಕಡಿಮೆ ನಿಮ್ಮದೇ. ಅವರ ಮೆಷಿನ್ 800 ತೋರಿಸಿದಾಗ ಸೆಲ್ ಮೂರು ಸುತ್ತಿನಲ್ಲಿ 806.9, 805.2, 807.5 ಅಂದಿತು. ಸರಾಸರಿ 806.5. ಸೂತ್ರಕ್ಕೆ ಹಾಕಿದರೆ q ಮೈನಸ್ 0.81. ಮೂರು ಸುತ್ತುಗಳ ನಡುವಿನ ಹರಡು 2.3 ಕಿಲೋನ್ಯೂಟನ್, ಅಂದರೆ ಶೇಕಡಾ 0.3ರಷ್ಟು. ಕ್ಲಾಸ್ 1 ಮೆಷಿನ್‌ಗೆ ಎರಡಕ್ಕೂ ಮಿತಿ ಶೇಕಡಾ 1. 600ರಲ್ಲಿ q ಮೈನಸ್ 0.53, 400ರಲ್ಲಿ ಮೈನಸ್ 0.32. ಲೋಡ್ ಏರಿದ ಹಾಗೆ ತಪ್ಪು ನಿಧಾನವಾಗಿ ಬೆಳೆಯುತ್ತಿತ್ತು, ಅದನ್ನು ಬರೆದಿಟ್ಟೆವು. ಆದರೆ ಮಿತಿಯೊಳಗೇ ಇತ್ತು.

ಈ ತಪ್ಪು ಕ್ಯೂಬ್‌ನ ಲೆಕ್ಕದಲ್ಲಿ ಎಷ್ಟು? ಆ ಮೆಷಿನ್ 742 ತೋರಿಸಿದಾಗ ನಿಜ ಸುಮಾರು 748. ಅಂದರೆ 33.0 ಬದಲು 33.2. ಅವರಿಗೂ ಹೊರಗಿನ ಲ್ಯಾಬ್‌ಗೂ ಇದ್ದ ಅಂತರ ಸುಮಾರು 3. ಅದರಲ್ಲಿ ಲೋಡ್ ತೋರಿಸುವ ಭಾಗದ ಪಾಲು 0.2. ಉಳಿದದ್ದು ಎಲ್ಲಿ ಹೋಯಿತು?

ಕಸದ ರಾಶಿಯಲ್ಲಿ ಸಿಕ್ಕಿತು. ಒಡೆದ ಕ್ಯೂಬ್‌ಗಳನ್ನು ಅವರು ಇನ್ನೂ ಎಸೆದಿರಲಿಲ್ಲ. ಸರಿಯಾಗಿ ಒಡೆದ ಕ್ಯೂಬ್‌ನ ನಾಲ್ಕೂ ಬದಿ ಹೆಚ್ಚುಕಡಿಮೆ ಸಮನಾಗಿ ಸಿಡಿದು, ನಡುವೆ ಎರಡು ಗೋಪುರ ತುದಿಗೆ ತುದಿ ಇಟ್ಟಂತೆ ಉಳಿಯುತ್ತದೆ. ಇವುಗಳಲ್ಲಿ ಹೆಚ್ಚಿನವು ಒಂದು ಬದಿ ಪುಡಿಯಾಗಿ, ಎದುರು ಬದಿ ಅಚ್ಚಿನಿಂದ ತೆಗೆದಂತೆ ನುಣ್ಣಗೇ ಉಳಿದಿದ್ದವು. ಪುಡಿಯಾದದ್ದು ಯಾವ ಬದಿ ಅಂತ ಆಪರೇಟರ್‌ನ ಕೇಳಿದೆ. 'ಯಾವಾಗಲೂ ಕಿಟಕಿ ಕಡೆದು ಸರ್' ಅಂದ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತ್ತು.

ಸಿಟಿಎಂನ ಒಂದು ಪ್ಲೇಟು, ಸಾಮಾನ್ಯವಾಗಿ ಮೇಲಿನದು, ಗೋಳಾಕಾರದ ಬಾಲ್ ಸೀಟಿಂಗ್ ಮೇಲೆ ಕೂತಿರುತ್ತದೆ. ಕ್ಯೂಬ್‌ಗೆ ತಾಗಿದ ಕೂಡಲೇ ಅದು ತಿರುಗಿ ಕ್ಯೂಬ್‌ನ ಮುಖಕ್ಕೆ ಹೊಂದಿಕೊಳ್ಳಬೇಕು. ಲೋಡ್ ಏರಿದ ಮೇಲೆ ಉಜ್ಜಾಟದಿಂದ ಅಲ್ಲೇ ಗಟ್ಟಿಯಾಗಿ ನಿಲ್ಲಬೇಕು. ಎರಡೂ ಬೇಕು. ಸೀಟಿನಲ್ಲಿ ಸಿಮೆಂಟ್ ಧೂಳು ಕಟ್ಟಿಕೊಂಡರೆ ಮೊದಲನೆಯದು ಆಗುವುದಿಲ್ಲ. ಗಟ್ಟಿ ಗ್ರೀಸ್ ತುಂಬಿದರೆ ಎರಡನೆಯದು ಆಗುವುದಿಲ್ಲ. ಭಾರೀ ಒತ್ತಡದಲ್ಲೂ ಜಾರಲಿ ಅಂತಲೇ ಅಂಥ ಗ್ರೀಸ್ ಮಾಡಿರುತ್ತಾರೆ. ಕ್ಯೂಬ್‌ನ ಒಂದು ಮೂಲೆ ಸ್ವಲ್ಪ ಕುಗ್ಗಿದ ಕೂಡಲೇ ಪ್ಲೇಟು ಆ ಕಡೆಗೇ ವಾಲುತ್ತದೆ, ಆ ಮೂಲೆ ಇನ್ನಷ್ಟು ಕುಗ್ಗುತ್ತದೆ, ಕ್ಯೂಬ್ ಹೊತ್ತಿಗೆ ಮುಂಚೆ ಹೋಗುತ್ತದೆ. ಆ ಲ್ಯಾಬ್‌ನಲ್ಲಿ ಎರಡೂ ಇತ್ತು. ಸರ್ವಿಸ್‌ಗೆ ಬಂದವರು ಯಾರೋ ಒಳ್ಳೆಯ ಮನಸ್ಸಿನಿಂದಲೇ ಸೀಟಿಗೆ ಬೇರಿಂಗ್ ಗ್ರೀಸ್ ಮೆತ್ತಿದ್ದರು, ಅದಕ್ಕೆ ಧೂಳು ಸೇರಿ ಒಂದು ಬದಿಯಲ್ಲಿ ಹೆಪ್ಪುಗಟ್ಟಿತ್ತು.

ಲೋಡ್ ಸೆಲ್‌ಗೆ ಇದು ಯಾಕೆ ಗೊತ್ತಾಗಲಿಲ್ಲ? ಸೆಲ್‌ನ ತಲೆಯ ಮೇಲೆ ಅದರದ್ದೇ ಉಬ್ಬು ಗುಂಡಿ ಇರುತ್ತದೆ. ಮೇಲಿನ ಪ್ಲೇಟು ಎಷ್ಟೇ ಓರೆಯಾಗಿರಲಿ, ಲೋಡ್ ಆ ಗುಂಡಿಯ ಮೂಲಕ ನಡುಮಧ್ಯೆ ನೇರವಾಗಿ ಇಳಿಯುತ್ತದೆ. ಓರೆಯಾದದ್ದನ್ನು ಸೆಲ್ ತಾನೇ ಸರಿಮಾಡಿಕೊಂಡುಬಿಡುತ್ತದೆ. ಪ್ರೂವಿಂಗ್ ರಿಂಗಿನ ಮೇಲೆ ಲೋಡ್ ತಾಗುವ ಉಬ್ಬು ಭಾಗ ಕೂಡ ಹಾಗೆಯೇ. ಚಪ್ಪಟೆ ಮುಖದ ಕ್ಯೂಬ್‌ಗೆ ಆ ಅನುಕೂಲ ಇಲ್ಲ. ಹೀಗಾಗಿ ಬಾಲ್ ಸೀಟಿಂಗ್ ಕೆಟ್ಟ ಮೆಷಿನ್ ಪ್ರತಿ ವರ್ಷ ಲೋಡ್ ಕ್ಯಾಲಿಬ್ರೇಶನ್‌ನಲ್ಲಿ ಪಾಸಾಗುತ್ತಲೇ ಇರಬಹುದು. ಯುರೋಪಿನ ಮಾನದಂಡ ಇಎನ್ 12390-4 ಇದಕ್ಕೇ ಬೇರೆ ಪರೀಕ್ಷೆ ಇಟ್ಟಿದೆ. ಸುತ್ತಲೂ ಸ್ಟ್ರೇನ್ ಗೇಜ್ ಅಂಟಿಸಿದ ಉಕ್ಕಿನ ಕಂಬವನ್ನು ಕ್ಯೂಬ್‌ನ ಜಾಗದಲ್ಲಿ ಇಟ್ಟು, ನಾಲ್ಕೂ ಬದಿಗೆ ಲೋಡ್ ಸಮನಾಗಿ ಬೀಳುತ್ತದೆಯಾ, ಪ್ಲೇಟು ಹೊಂದಿಕೊಂಡು ಆಮೇಲೆ ನಿಲ್ಲುತ್ತದೆಯಾ ಅಂತ ನೋಡುತ್ತಾರೆ. ನಮ್ಮ ಸೈಟ್‌ಗಳಿಗೆ ಅಂಥ ಕಂಬ ತಂದದ್ದನ್ನು ನಾನು ಕಂಡಿಲ್ಲ. ನಮಗಿರುವುದು ಒಡೆದ ಕ್ಯೂಬ್‌ಗಳು, ಅವೂ ಸಾಕಷ್ಟು ಹೇಳುತ್ತವೆ. ಒಂದು ತಿಂಗಳು ಪ್ರತಿ ಕ್ಯೂಬ್‌ನ ಕಿಟಕಿ ಬದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಡೆದ ಮೇಲೆ ಫೋಟೋ ತೆಗೆದಿಡಿ.

ಅಲ್ಲಿ ಸೀಟನ್ನು ಬಿಚ್ಚಿಸಿ, ಸೀಮೆಎಣ್ಣೆಯಿಂದ ತೊಳೆದು, ಒಣಗಿಸಿ, ತೆಳು ಮೆಷಿನ್ ಎಣ್ಣೆಯನ್ನು ಒಂದು ಪದರ ಸವರಿ ಕೂರಿಸಿದರು. ಮುಗಿದ ಮೇಲೆ ಪ್ಲೇಟು ಕೈಯಲ್ಲಿ ಒತ್ತಿದರೆ ಎಲ್ಲ ಕಡೆಗೂ ಸ್ವಲ್ಪ ಸ್ವಲ್ಪ ವಾಲುತ್ತಿತ್ತು, ಮುಂಚೆ ಒಂದು ಕಡೆಗೆ ಮಾತ್ರ ವಾಲುತ್ತಿತ್ತು. ಪ್ಲೇಟುಗಳ ಮುಖವನ್ನೂ ನೋಡಿದೆವು. ಹಳೆಯ ಐಎಸ್ 516 ಹೊಸ ಪ್ಲೇಟಿಗೆ 0.01 ಮಿ.ಮೀ., ಬಳಕೆಯಲ್ಲಿರುವುದಕ್ಕೆ 0.02 ಮಿ.ಮೀ. ತನಕ ಮಾತ್ರ ಏರುತಗ್ಗು ಒಪ್ಪಿತ್ತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕ್ಯೂಬ್ ಇಟ್ಟು ಒಡೆದರೆ ನಡುವೆ ಸಣ್ಣ ತಗ್ಗು ಬೀಳುತ್ತದೆ. ಒಳ್ಳೆಯ ಸ್ಟ್ರೇಟ್ ಎಡ್ಜ್ ಅಡ್ಡ ಇಟ್ಟು ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ಇಣುಕಿದರೆ ಅಳೆಸಿ, ಗ್ರೈಂಡಿಂಗ್ ಬೇಕಾಗಬಹುದು. ಅವರದ್ದು ಪರವಾಗಿಲ್ಲ ಅನ್ನುವಂತಿತ್ತು.

ಆಮೇಲೆ ಒಂದೇ ಬ್ಯಾಚ್‌ನಿಂದ ಹನ್ನೆರಡು ಕ್ಯೂಬ್ ಹಾಕಿಸಿದೆ. ಒಂದೇ ತೊಟ್ಟಿಯಲ್ಲಿ ಕ್ಯೂರಿಂಗ್, ಚೀಟಿ ಎತ್ತಿ ಆರು ಇಲ್ಲಿಗೆ, ಆರು ಹೊರಗಿನ ಲ್ಯಾಬ್‌ಗೆ. ಮೂರು ಮೂರು ಸಾಕಾಗುವುದಿಲ್ಲವಾ ಅಂತ ಕೇಳಿದರು. ಐಎಸ್ 456 ಒಂದು ಸ್ಯಾಂಪಲ್‌ನ ಮೂರು ಕ್ಯೂಬ್‌ಗಳಿಗೇ ಸರಾಸರಿಯಿಂದ ±15% ತನಕ ಆಚೀಚೆ ಇರಲು ಬಿಡುತ್ತದೆ. ಮೂರೇ ಕ್ಯೂಬ್ ಇಟ್ಟುಕೊಂಡು ಶೇಕಡಾ 8ರ ಜಗಳ ತೀರಿಸಲು ಆಗುವುದಿಲ್ಲ. ನಿಮ್ಮ 33 ಮತ್ತು 36 ಎಷ್ಟು ಕ್ಯೂಬ್‌ಗಳ ಸರಾಸರಿ ಅಂತ ನೀವು ಬರೆದಿಲ್ಲ, ಅದನ್ನೂ ನೋಡಿಕೊಳ್ಳಿ.

ಆ ಹನ್ನೆರಡರಲ್ಲಿ ಇಲ್ಲಿನ ಆರರ ಸರಾಸರಿ 35.1 ಬಂತು, ಹೊರಗಿನದು 35.8. ಉಳಿದ 0.7ರಲ್ಲಿ ಒಂದು ಪಾಲು ಮೆಷಿನ್‌ನ ಆ ಮೈನಸ್ ತಪ್ಪು, ಇನ್ನುಳಿದದ್ದು ಕಾಂಕ್ರೀಟ್‌ನ ಸಹಜ ಏರುಪೇರು ಇರಬಹುದು. ಅದರ ಹಿಂದೆ ಬೀಳಲಿಲ್ಲ.

ನಿಮ್ಮ ಚೆಕ್‌ನಲ್ಲಿ ಬೇರೆಯೇ ಬಂದು, q ನಿಜಕ್ಕೂ ಮೈನಸ್ 3, ಮೈನಸ್ 5 ಅಂತ ಇದ್ದರೆ? ಇಂಡಿಕೇಟರ್‌ನ ಸೆಟ್ಟಿಂಗ್ ಮುಟ್ಟಬೇಡಿ. ಲೋಡ್‌ಗಳು, ಮೂರು ಸುತ್ತಿನ ಓದು, ತಾಪಮಾನ, ಸೆಲ್‌ನ ಸರ್ಟಿಫಿಕೇಟ್ ನಂಬರ್ ಎಲ್ಲ ಬರೆದ ಹಾಳೆ ಇಟ್ಟುಕೊಂಡು, ಮೆಷಿನ್ ನಿಲ್ಲಿಸಿ, ಕ್ಯಾಲಿಬ್ರೇಶನ್‌ನವರನ್ನು ಕರೆಸಿ. ಅವರೂ ತಿದ್ದುವ ಮುಂಚೆ ಇದ್ದ ಸ್ಥಿತಿಯನ್ನು ಒಮ್ಮೆ ಅಳೆದು ಬರೆಯಬೇಕು ಅಂತ ಹಟ ಹಿಡಿಯಿರಿ. ಅದಿಲ್ಲದಿದ್ದರೆ ಕಳೆದ ಆರು ತಿಂಗಳ ರಿಪೋರ್ಟ್‌ಗಳಲ್ಲಿ ಯಾವುದನ್ನು ನಂಬಬೇಕು ಅಂತ ಹೇಳಲು ಯಾರ ಹತ್ತಿರವೂ ಆಧಾರ ಇರುವುದಿಲ್ಲ. ಹಳೆಯ ಫಲಿತಾಂಶಗಳನ್ನು ನೀವೇ ಒಂದು ಸಂಖ್ಯೆಯಿಂದ ಗುಣಿಸಿ ಸರಿಮಾಡಲು ಹೋಗಬೇಡಿ.

ಕೊನೆಗೆ, ಹೊರಗಿನ ಲ್ಯಾಬ್‌ನ 36 ಅನ್ನೇ ಸರಿ ಅಂತ ಹಿಡಿದುಬಿಡಬೇಡಿ. ನಿಮ್ಮಲ್ಲಿ ಕ್ಯೂಬ್ ತೊಟ್ಟಿಯಿಂದ ತೆಗೆದು ಒದ್ದೆ ಇರುವಾಗಲೇ ಒಡೆಯುತ್ತೀರಿ. ಅವರಿಗೆ ಹೋಗುವುದು ಹೇಗೆ? ಗೋಣಿಚೀಲ ಸುತ್ತದೆ ಗಾಡಿಯಲ್ಲಿ ಹಾಕಿ, ಇಡೀ ದಿನ ಬಿಸಿಲಲ್ಲಿ ಸಾಗಿಸಿ, ಮರುದಿನ ಹಾಗೇ ಒಡೆದರೆ ಒಣಗಿದ ಕ್ಯೂಬ್ ಒದ್ದೆಯದಕ್ಕಿಂತ ಜಾಸ್ತಿ ತೋರಿಸುತ್ತದೆ. ಲೋಡ್ ಏರಿಸುವ ವೇಗವನ್ನೂ ಕೇಳಿ. ನಿಮಿಷಕ್ಕೆ 14 ನ್ಯೂಟನ್ ಪ್ರತಿ ಚದರ ಮಿ.ಮೀ., ಅಂದರೆ 150ರ ಕ್ಯೂಬ್‌ಗೆ ಸೆಕೆಂಡಿಗೆ ಸುಮಾರು 5.2 ಕಿಲೋನ್ಯೂಟನ್ ಇರಬೇಕು. ನಿಮ್ಮ 742 ತಲುಪಲು ಎರಡು ನಿಮಿಷ 20 ಸೆಕೆಂಡ್ ಬೇಕು. ಅವಸರದಲ್ಲಿ ಒಂದೇ ನಿಮಿಷಕ್ಕೆ ಮುಗಿಸಿದರೆ ಅದೂ ಸಂಖ್ಯೆಯನ್ನು ಮೇಲೆ ತಳ್ಳುತ್ತದೆ. ಮುಂದಿನ ಸಲ ಕ್ಯೂಬ್ ಕಳಿಸುವಾಗ ಒದ್ದೆ ಗೋಣಿ ಸುತ್ತಿ ನೀವೇ ಜೊತೆಗೆ ಹೋಗಿ, ಸ್ಟಾಪ್‌ವಾಚ್ ಹಿಡಿದು ಪಕ್ಕದಲ್ಲಿ ನಿಂತುಕೊಳ್ಳಿ.